ಹದಿಮೂರನೆಯವಳ ಪತ್ರ

ವಿಶ್ವವಿದ್ಯಾಲಯದ ಮೈದಾನದ ಪಕ್ಕದ ಸೂಚನಾ ಫಲಕಕ್ಕೆ ಗುರುವಾರ ಸಂಜೆ ಪಟ್ಟಿ ಅಂಟಿಸಿದರು. ಮಹಿಳಾ ಕಬಡ್ಡಿ ತಂಡ, ಹನ್ನೆರಡು ಹೆಸರು. ಹದಿನಾಲ್ಕು ದಿನ ಶಿಬಿರದಲ್ಲಿ ಮಣ್ಣು ಮೈಗೆ ಹಚ್ಚಿಕೊಂಡ ಹದಿನೆಂಟು ಹುಡುಗಿಯರು ಅದರ ಮುಂದೆ ಗುಂಪುಗೂಡಿದರು. ನಮ್ಮ ಕಾಲೇಜಿನವಳು ಮೇಲಿನಿಂದ ಕೆಳಗೆ ಒಮ್ಮೆ ಓದಿದಳು, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದಳು. ನನಗೆ ಫೋನ್ ಬಂದಾಗ ರಾತ್ರಿ ಏಳಾಗಿತ್ತು. "ಸರ್, ನನ್ನ ಹೆಸರಿಲ್ಲ" ಅಂದವಳು ಆಮೇಲೆ ಮಾತಾಡಲಿಲ್ಲ. ಹಿಂದೆ ಹಾಸ್ಟೆಲಿನ ಊಟದ ತಟ್ಟೆಗಳ ಸದ್ದು ಕೇಳುತ್ತಿತ್ತು.

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ, ಹುಡುಗರ ಬಾಯಲ್ಲಿ ಪಿ.ಡಿ. ಸರ್ ಆಗಿ, ನಾನು ಕೆಲಸ ಮಾಡಿದ ವರ್ಷಗಳಲ್ಲಿ ಇಂಥ ಫೋನು ಬಹಳ ಬಂದಿವೆ. ಆಯ್ಕೆ ಸಮಿತಿಯಲ್ಲಿ ಕೂತು ಹೆಸರು ಬಿಟ್ಟವರಲ್ಲಿ ನಾನೂ ಒಬ್ಬ. ಹಾಗಾಗಿ ತಂಡದಿಂದ ಬಿಟ್ಟುಹೋದ ಆಟಗಾರರು ಸಮಿತಿಗೆ ಬರೆಯುವ ಪತ್ರಗಳನ್ನು ಎರಡೂ ಕಡೆಯಿಂದ ಓದಿದ್ದೇನೆ. ಹೆಚ್ಚಿನವು ಯಾವ ಕೆಲಸವನ್ನೂ ಮಾಡಲಿಲ್ಲ. ಅವುಗಳಲ್ಲಿ ನೋವು ಇರಲಿಲ್ಲವೆಂದಲ್ಲ. ಆ ಪತ್ರ ಹಿಡಿದು ಸಮಿತಿ ಮುಂದೇನು ಮಾಡಬೇಕು ಅನ್ನುವುದು ಅದರಲ್ಲಿ ಇರುತ್ತಿರಲಿಲ್ಲ. ಈ ಹುಡುಗಿಯ ಪತ್ರದಲ್ಲಿ ಅದು ಇತ್ತು. ಅದಕ್ಕೇ ಅದರ ಕಥೆ ಹೇಳುತ್ತಿದ್ದೇನೆ.

ಮೊದಲು ಈ ಪಟ್ಟಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಹೇಳಬೇಕು. ದೇಶದ ವಿಶ್ವವಿದ್ಯಾಲಯಗಳ ನಡುವಿನ ಕ್ರೀಡಾಕೂಟಗಳನ್ನು ದೆಹಲಿಯಲ್ಲಿರುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುತ್ತದೆ. ಅದಕ್ಕಾಗಿ ದೇಶವನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ವಲಯಗಳಾಗಿ ಹಂಚಿದ್ದಾರೆ. ನಮ್ಮದು ದಕ್ಷಿಣ ವಲಯ. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದ ವಿಶ್ವವಿದ್ಯಾಲಯಗಳು ಇದರೊಳಗೆ ಬರುತ್ತವೆ. ಕಬಡ್ಡಿಯಂಥ ಆಟದಲ್ಲಿ ವಲಯ ಪಂದ್ಯಾವಳಿಯ ಮೇಲಿನ ಸಾಲಿನ ತಂಡಗಳು ಮಾತ್ರ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ವಲಯಕ್ಕೆ ಹೋಗುವ ತಂಡವನ್ನು ಪ್ರತಿ ವಿಶ್ವವಿದ್ಯಾಲಯವೂ ತಾನೇ ಆರಿಸುತ್ತದೆ. ಅಂತರ ಕಾಲೇಜು ಪಂದ್ಯಗಳು ನಡೆಯುವಾಗ ಸಮಿತಿಯವರು ಅಂಕಣದ ಬದಿಯಲ್ಲಿ ಕೂತು ಹೆಸರು ಗುರುತಿಸಿಕೊಳ್ಳುತ್ತಾರೆ. ಗುರುತಿಸಿದ ಸಂಭಾವ್ಯರನ್ನು ಶಿಬಿರಕ್ಕೆ ಕರೆಯುತ್ತಾರೆ. ಶಿಬಿರದ ಕೊನೆಗೆ ಹನ್ನೆರಡು ಉಳಿಯುತ್ತವೆ. ಸಮಿತಿಯೆಂದರೆ ಬೇರೆ ಬೇರೆ ಕಾಲೇಜುಗಳ ನಾಲ್ಕೈದು ಮಂದಿ ದೈಹಿಕ ಶಿಕ್ಷಣ ನಿರ್ದೇಶಕರು, ತರಬೇತುದಾರರು, ಮೇಲೆ ವಿಶ್ವವಿದ್ಯಾಲಯದ ನಿರ್ದೇಶಕರು.

ಹನ್ನೆರಡನೆಯವಳಿಗೂ ಹದಿಮೂರನೆಯವಳಿಗೂ ಆಟದಲ್ಲಿ ಕೂದಲೆಳೆಯ ಅಂತರ ಇರಬಹುದು. ಆದರೆ ಕಾಗದದ ಮೇಲೆ ಆ ಅಂತರ ಬಹಳ ದೊಡ್ಡದು. ಹನ್ನೆರಡರೊಳಗಿದ್ದು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋದವಳು 'ಯೂನಿವರ್ಸಿಟಿ ಬ್ಲೂ'. ಬ್ಲೇಜರ್ ಸಿಗುತ್ತದೆ, ಅದು ಬೇರೆ ಮಾತು. ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕಲು, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿರುವುದೂ ಒಂದು ಅರ್ಹತೆ. ಅದಕ್ಕೆಂದೇ ನಿಗದಿಯಾದ ಪ್ರಮಾಣಪತ್ರದ ನಮೂನೆಯಿದೆ. ಶಿಬಿರಕ್ಕೆ ಹೋಗಿ ಬಂದವಳಿಗೆ ಆ ನಮೂನೆ ತುಂಬಿಕೊಡಲು ಬರುವುದಿಲ್ಲ. ಈ ಹುಡುಗಿಯ ಅಪ್ಪ ಹಮಾಲಿ ಕೆಲಸದವರು. ರೈಲ್ವೆಯಲ್ಲಿ ಕೆಲಸ ಸಿಕ್ಕ ಊರಿನ ಒಬ್ಬ ಕಬಡ್ಡಿ ಆಟಗಾರ್ತಿಯನ್ನು ಆ ಮನೆಯವರೆಲ್ಲ ಕಣ್ಣಾರೆ ಕಂಡಿದ್ದರು. ಫೋನಿನಲ್ಲಿ ಆ ಮೌನ ಯಾಕಿತ್ತು ಎಂದು ನನಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಊರಿಗೆ ಬಂದಳು. ನೆಟ್ಟಗೆ ನನ್ನ ಕೋಣೆಗೆ ಬಂದು ನೋಟ್‌ಬುಕ್ಕಿನ ಮೂರು ಹಾಳೆ ಮೇಜಿನ ಮೇಲಿಟ್ಟಳು. ರಾತ್ರಿಯೆಲ್ಲ ಕೂತು ಬರೆದಿದ್ದಳು. ಓದಿದೆ. ಎಂಟನೇ ತರಗತಿಯಿಂದ ಆಡುತ್ತಿರುವುದು, ಮನೆಯ ಕಷ್ಟ, ಅಂತರ ಕಾಲೇಜು ಪಂದ್ಯಾವಳಿಯಲ್ಲಿ ತಾನು ಹಿಡಿದ ರೈಡರ್‌ಗಳ ಹೆಸರು, ಎಲ್ಲವೂ ಇತ್ತು. ಎರಡನೆಯ ಹಾಳೆಯ ನಡುವೆ, ತನ್ನ ಜಾಗಕ್ಕೆ ಬಂದ ಹುಡುಗಿ ಶಿಬಿರದ ವ್ಯವಸ್ಥಾಪಕರ ಕಾಲೇಜಿನವಳು, ಅದಕ್ಕೇ ಆಯ್ಕೆಯಾದಳು ಎಂದಿತ್ತು. ಕೊನೆಯ ಸಾಲು: "ದಯವಿಟ್ಟು ನನ್ನನ್ನು ತಂಡಕ್ಕೆ ಸೇರಿಸಿಕೊಳ್ಳಿ."

"ನಿನ್ನನ್ನು ಯಾಕೆ ಬಿಟ್ಟರು?" ಎಂದು ಕೇಳಿದೆ.

"ಹೇಳಿದೆನಲ್ಲ ಸರ್, ಅವರ ಕಾಲೇಜಿನವಳನ್ನು..."

"ಅದು ನಿನ್ನ ಊಹೆ. ಅವರು ಏನು ಹೇಳಿದರು?"

ಯಾರೂ ಏನೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಮೂರು ಹಾಳೆಯ ಪತ್ರದಲ್ಲಿ ಇಲ್ಲದ ಒಂದೇ ಸಂಗತಿ ಅದು, ಇರಲೇಬೇಕಾದ ಸಂಗತಿಯೂ ಅದೇ.

ಆಟಗಾರರನ್ನು ಬಿಡಲು ಕಾರಣಗಳು ನೂರೆಂಟಿರುವಂತೆ ಕಾಣುತ್ತವೆ. ಹತ್ತಿರದಿಂದ ನೋಡಿದರೆ ನಾಲ್ಕೇ ಗೂಡಿನಲ್ಲಿ ಕೂರುತ್ತವೆ. ಕಾಗದಪತ್ರ ಸರಿಯಿಲ್ಲದಿರುವುದು ಒಂದು. ವಯಸ್ಸು 25ರೊಳಗಿರಬೇಕು, ಆ ವರ್ಷ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು ಎಂಬಂಥ ನಿಯಮಗಳಿವೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ಒಂದು, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ಇದ್ದರೂ ಸಾಕು, ಹೆಸರು ನಿಂತುಹೋಗುತ್ತದೆ. ಶಿಬಿರಕ್ಕೆ ಸರಿಯಾಗಿ ಬಾರದಿರುವುದು, ಶಿಸ್ತಿನ ತಕರಾರು ಎರಡನೆಯದು. ಗಾಯ ಮೂರನೆಯದು. ನಾಲ್ಕನೆಯದು ಆಟದ ತೂಕ. ಇವಳಿಗಿಂತ ಅವಳು ಮೇಲು, ಅಥವಾ ಈ ತಂಡಕ್ಕೆ ಅವಳು ಹೊಂದುತ್ತಾಳೆ ಎಂಬ ತೀರ್ಮಾನ. ಮೊದಲ ಮೂರನ್ನು ಕಾಗದ ತೋರಿಸಿ ಪರೀಕ್ಷಿಸಬಹುದು. ನಾಲ್ಕನೆಯದು ನೋಡಿದವರ ಕಣ್ಣಿಗೆ ಬಿಟ್ಟದ್ದು. ಓಟ, ಈಜಿನಲ್ಲಾದರೆ ಗಡಿಯಾರವೇ ಹೇಳಿಬಿಡುತ್ತದೆ. ಕಬಡ್ಡಿಗೆ ಅಂಥ ಗಡಿಯಾರವಿಲ್ಲ. ನಾಲ್ಕನೆಯ ಕಾರಣಕ್ಕೆ ಬಿಟ್ಟಿದ್ದರೆ ಎಂಥ ಪತ್ರ ಬರೆದರೂ ಪಟ್ಟಿ ಬದಲಾಗುವುದು ತೀರಾ ಅಪರೂಪ. ಹುಡುಗರಿಗೆ ಇದನ್ನು ಮುಚ್ಚಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಶಿಬಿರದ ವ್ಯವಸ್ಥಾಪಕರಿಗೆ ನಾನೇ ಫೋನ್ ಮಾಡಿದೆ. ಅವರೂ ಒಂದು ಕಾಲೇಜಿನ ಪಿ.ಡಿ., ಹಳೆಯ ಪರಿಚಯ. ಜಗಳಕ್ಕೆ ಹೋಗದೆ, ಕಾರಣವೇನು ಎಂದು ಮಾತ್ರ ಕೇಳಿದೆ. "ಕಾಲು ಇನ್ನೂ ಸರಿಯಾಗಿಲ್ಲವಲ್ಲ ಸರ್? ಡಾಕ್ಟರು ರೆಸ್ಟ್ ಬರೆದಿದ್ದರು, ಚೀಟಿ ಫೈಲಿನಲ್ಲಿದೆ. ಎರಡು ಅಭ್ಯಾಸ ಪಂದ್ಯಗಳಲ್ಲೂ ಅವಳು ಆಡಲಿಲ್ಲ" ಎಂದರು.

ಹುಡುಗಿಯನ್ನು ಕೂರಿಸಿ ಒಂದೊಂದೇ ದಿನ ಕೇಳುತ್ತಾ ಹೋದೆ. ಶಿಬಿರದ 6ನೇ ದಿನ ಸಂಜೆ ಎಡಗಾಲಿನ ಹರಡು ಉಳುಕಿತ್ತು. ಆಸ್ಪತ್ರೆಯಲ್ಲಿ ಐದು ದಿನ ವಿಶ್ರಾಂತಿ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ವ್ಯವಸ್ಥಾಪಕರಿಗೆ ಕೊಟ್ಟಿದ್ದಳು. ಅಭ್ಯಾಸ ಪಂದ್ಯಗಳು ನಡೆದದ್ದು 10 ಮತ್ತು 11ನೇ ದಿನ, ಅಂದರೆ ವಿಶ್ರಾಂತಿಯ ಒಳಗೇ. 12ನೇ ದಿನ ಬೆಳಿಗ್ಗೆ ಮತ್ತೆ ಆಸ್ಪತ್ರೆಗೆ ಹೋದಳು. ಡಾಕ್ಟರು ಕಾಲು ತಿರುಗಿಸಿ, ಒಂಟಿಕಾಲಲ್ಲಿ ನಿಲ್ಲಿಸಿ, ಕುಪ್ಪಳಿಸಲು ಹೇಳಿ ನೋಡಿ, ಆಡಬಹುದು ಎಂದು ಬರೆದುಕೊಟ್ಟರು. 12, 13ನೇ ದಿನ ಪೂರ್ತಿ ಅಭ್ಯಾಸ ಮಾಡಿದಳು. 13ರ ಸಂಜೆ ಸಮಿತಿ ಕೂತಿತು.

"ಆ ಎರಡನೇ ಚೀಟಿ ಎಲ್ಲಿ?"

ಅವಳು ಬ್ಯಾಗಿನ ಪಕ್ಕದ ಜಿಪ್ ಎಳೆದಳು. ಕಾಲಿಗೆ ಸುತ್ತುವ ಬಿಳಿ ಟೇಪಿನ ಸುರುಳಿ, ಎರಡು ಹೇರ್‌ಪಿನ್ನು, ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಚೀಟಿ. "ಕೋಚ್ ಸರ್‌ಗೆ ಬಾಯಲ್ಲಿ ಹೇಳಿದ್ದೆ ಸರ್. ಸರಿ, ಅಂಕಣಕ್ಕೆ ಇಳಿ ಅಂದರು."

ಇಲ್ಲಿಗೆ ಇಡೀ ವಿಷಯ ತಿಳಿಯಾಯಿತು. ಸಮಿತಿಯ ಮುಂದಿದ್ದ ಫೈಲಿನಲ್ಲಿ 'ವಿಶ್ರಾಂತಿ' ಎಂಬ ಚೀಟಿ ಮಾತ್ರ ಇತ್ತು. 'ಆಡಬಹುದು' ಎಂಬ ಚೀಟಿ ಹುಡುಗಿಯ ಬ್ಯಾಗಿನಲ್ಲಿತ್ತು. ಸಮಿತಿಯ ಐವರಲ್ಲಿ ಕೊನೆಯ ಎರಡು ದಿನ ಮೈದಾನಕ್ಕೆ ಬಂದವರು ಒಬ್ಬರೋ ಇಬ್ಬರೋ. ಉಳಿದವರು ಫೈಲು ನೋಡಿದರು. ಇದರಲ್ಲಿ ದುರುದ್ದೇಶ ಇತ್ತೆಂದು ನನಗೆ ಅನ್ನಿಸಲಿಲ್ಲ. ಇದ್ದರೂ ಅದನ್ನು ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಆದರೆ ತೀರ್ಮಾನಕ್ಕೆ ಬೇಕಿದ್ದ ಒಂದು ದಾಖಲೆ ತೀರ್ಮಾನ ಮಾಡುವವರ ಮುಂದೆ ಇರಲಿಲ್ಲ ಅನ್ನುವುದನ್ನು ದಿನಾಂಕ ಸಮೇತ ತೋರಿಸಬಹುದಿತ್ತು. ಪತ್ರ ನಿಲ್ಲಬೇಕಾದ ನೆಲ ಅದು.

ಸಮಯ ಬಹಳ ಕಡಿಮೆಯಿತ್ತು. ತಂಡ ರೈಲು ಹತ್ತುವುದು ಬುಧವಾರ ರಾತ್ರಿ. ಅದಕ್ಕಿಂತ ಮುಖ್ಯವಾದದ್ದು ಸೋಮವಾರ. ಪ್ರತಿ ಆಟಗಾರ್ತಿಯ ಭಾವಚಿತ್ರ ಅಂಟಿಸಿದ ಅರ್ಹತಾ ನಮೂನೆಗಳು ಅಂದು ಕುಲಸಚಿವರ ಸಹಿಗೆ ಹೋಗುತ್ತಿದ್ದವು. ಸಹಿ ಬಿದ್ದ ಮೇಲೆ ಹೆಸರು ಬದಲಿಸಬೇಕೆಂದರೆ ಮತ್ತೆ ಎಲ್ಲ ಮೇಜುಗಳನ್ನೂ ಹತ್ತಿ ಇಳಿಯಬೇಕು, ಯಾರೂ ಅದಕ್ಕೆ ಕೈಹಾಕುವುದಿಲ್ಲ. ಅಂದರೆ ಪತ್ರ ಶುಕ್ರವಾರವೇ ಮುಟ್ಟಬೇಕು, ಶನಿವಾರ ಅದರ ಮೇಲೆ ಏನಾದರೂ ಆಗಬೇಕು. ತಂಡ ಹೊರಟ ಮರುದಿನ ಬರುವ ಮನವಿಯನ್ನು ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ನ್ಯಾಯ ಇದ್ದರೂ ಕೊಡಲು ಸಮಿತಿಯ ಬಳಿ ಏನೂ ಉಳಿದಿರುವುದಿಲ್ಲ.

ಮೂರು ಹಾಳೆಯನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯಲು ಕೂತೆವು. ಇಂಗ್ಲಿಷಿನಲ್ಲಿ ಬರೆದರೆ ತೂಕ ಬರುತ್ತದೆ ಎಂದು ಅವಳಿಗಿತ್ತು. ಬೇಡ ಎಂದೆ. ಸಮಿತಿಯವರು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರೆ ಅವಳು ಉತ್ತರ ಹೇಳುವುದು ಕನ್ನಡದಲ್ಲೇ. ಬರೆದದ್ದೂ ಬಾಯಲ್ಲಿ ಬರುವುದೂ ಒಂದೇ ಆಗಿರಬೇಕು. ಹನ್ನೊಂದು ಗಂಟೆಗೆ ಸಿದ್ಧವಾದ ಪತ್ರ ಇದು. ಹೆಸರುಗಳನ್ನು ಬಿಟ್ಟಿದ್ದೇನೆ.

"ಇವರಿಗೆ: ಅಧ್ಯಕ್ಷರು ಮತ್ತು ಸದಸ್ಯರು, ಮಹಿಳಾ ಕಬಡ್ಡಿ ಆಯ್ಕೆ ಸಮಿತಿ, ದೈಹಿಕ ಶಿಕ್ಷಣ ವಿಭಾಗ.

ಮುಖಾಂತರ: ಪ್ರಾಂಶುಪಾಲರು.

ವಿಷಯ: ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಮಹಿಳಾ ಕಬಡ್ಡಿ ತಂಡದ ಆಯ್ಕೆಗೆ ಸಂಬಂಧಿಸಿ ದೈಹಿಕ ಕ್ಷಮತೆಯ ಮರುಪರೀಕ್ಷೆ ಕೋರಿ.

ಮಾನ್ಯರೇ,

ನಾನು ದ್ವಿತೀಯ ಬಿ.ಕಾಂ. ವಿದ್ಯಾರ್ಥಿನಿ. ತರಬೇತಿ ಶಿಬಿರದಲ್ಲಿ ಸಂಭಾವ್ಯ ಆಟಗಾರ್ತಿಯಾಗಿ ಲೆಫ್ಟ್ ಕಾರ್ನರ್ ಸ್ಥಾನದಲ್ಲಿ ಆಡಿದ್ದೇನೆ. ನಿನ್ನೆ ಪ್ರಕಟವಾದ ಹನ್ನೆರಡರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಕಾಲಿನ ಗಾಯ ಇದಕ್ಕೆ ಕಾರಣವೆಂದು ವ್ಯವಸ್ಥಾಪಕರಿಂದ ತಿಳಿಯಿತು.

ಶಿಬಿರದ 6ನೇ ದಿನ ನನ್ನ ಎಡಗಾಲು ಉಳುಕಿ, ವೈದ್ಯರು ಐದು ದಿನ ವಿಶ್ರಾಂತಿ ಸೂಚಿಸಿದ್ದರು. ಆ ಚೀಟಿಯನ್ನು ಅಂದೇ ಸಲ್ಲಿಸಿದ್ದೇನೆ. 10 ಮತ್ತು 11ನೇ ದಿನದ ಅಭ್ಯಾಸ ಪಂದ್ಯಗಳು ಈ ಅವಧಿಯಲ್ಲಿ ನಡೆದದ್ದರಿಂದ ನಾನು ಆಡಲಿಲ್ಲ. 12ನೇ ದಿನ ಅದೇ ವೈದ್ಯರು ಮತ್ತೆ ಪರೀಕ್ಷಿಸಿ, ಆಡಲು ಅಡ್ಡಿಯಿಲ್ಲವೆಂದು ಪ್ರಮಾಣಪತ್ರ ಕೊಟ್ಟಿದ್ದಾರೆ. 12 ಮತ್ತು 13ನೇ ದಿನ ಪೂರ್ಣ ಅಭ್ಯಾಸದಲ್ಲಿ ಭಾಗವಹಿಸಿದ್ದೇನೆ. ಈ ಎರಡನೆಯ ಪ್ರಮಾಣಪತ್ರವನ್ನು ನಾನು ಬರಹದಲ್ಲಿ ಸಲ್ಲಿಸಿರಲಿಲ್ಲ. ಅದು ನನ್ನ ತಪ್ಪು. ಈಗ ಲಗತ್ತಿಸಿದ್ದೇನೆ.

ಸೋಮವಾರ ಅರ್ಹತಾ ನಮೂನೆಗಳು ಸಹಿಗೆ ಹೋಗುವ ಮೊದಲು, ಸಮಿತಿ ಹೇಳಿದ ಸ್ಥಳದಲ್ಲಿ, ಸಮಿತಿ ಹೇಳಿದ ರೀತಿಯಲ್ಲಿ ನನ್ನ ಕ್ಷಮತೆಯನ್ನು ಒಮ್ಮೆ ಪರೀಕ್ಷಿಸಬೇಕೆಂದು ಕೋರುತ್ತೇನೆ. ಪರೀಕ್ಷೆಯ ನಂತರ ಸಮಿತಿ ಕೈಗೊಳ್ಳುವ ತೀರ್ಮಾನವನ್ನು ತಿಳಿಸಬೇಕಾಗಿ ವಿನಂತಿ.

ಲಗತ್ತು: ವೈದ್ಯರ ಎರಡು ಚೀಟಿಗಳ ಪ್ರತಿ."

ಈ ಪತ್ರದಲ್ಲಿ ಮನೆಯ ಕಷ್ಟ ಇಲ್ಲ. ಅದನ್ನು ತೆಗೆಯುವಾಗ ಹುಡುಗಿಗೆ ಬೇಸರವಾಯಿತು, ನನಗೂ ಆಯಿತು. ಆದರೆ ಶಿಬಿರದ ಹದಿನೆಂಟು ಹುಡುಗಿಯರಲ್ಲಿ ಕಷ್ಟ ಇಲ್ಲದ ಮನೆ ಯಾರದ್ದು? ಸಮಿತಿ ಕಷ್ಟವನ್ನು ತೂಗಲು ಹೊರಟರೆ ಆಟವನ್ನು ಬಿಡಬೇಕಾಗುತ್ತದೆ. ಅವಳು ಹಿಡಿದ ರೈಡರ್‌ಗಳ ಪಟ್ಟಿಯೂ ಇಲ್ಲ. ಅವಳ ಆಂಕಲ್ ಹೋಲ್ಡ್ ಚೆನ್ನಾಗಿಲ್ಲ ಎಂದು ಯಾರೂ ಹೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಕೇಳಿದ ಪ್ರಶ್ನೆ ಮರೆಯಾಗುತ್ತದೆ.

ಇನ್ನೊಬ್ಬ ಹುಡುಗಿಯ ಮೇಲಿನ ಮಾತನ್ನು ತೆಗೆಸಲು ನಾನು ತುಸು ಗಟ್ಟಿಯಾಗಿಯೇ ಹೇಳಬೇಕಾಯಿತು. "ಅವಳೂ ಹದಿನಾಲ್ಕು ದಿನ ನಿನ್ನ ಜೊತೆಯೇ ಮಲಗಿ ಎದ್ದವಳು. ಈ ಕಾಗದ ನಾಳೆ ಅವಳ ಕೈಗೆ ಸಿಕ್ಕರೆ?" ಎಂದೆ. ಸಮಿತಿಯ ಕಡೆಯಿಂದಲೂ ಇದಕ್ಕೊಂದು ಲೆಕ್ಕವಿದೆ. ಇಂಥವರನ್ನು ಯಾಕೆ ತೆಗೆದುಕೊಂಡಿರಿ ಎಂಬ ಪತ್ರ ಬಂದ ಕೂಡಲೇ ಐದು ಮಂದಿಯೂ ತಮ್ಮ ಆಯ್ಕೆಯನ್ನು ಕಾಪಾಡಿಕೊಳ್ಳಲು ನಿಲ್ಲುತ್ತಾರೆ. ನಾನೂ ಹಾಗೆ ನಿಂತಿದ್ದೇನೆ. ನನ್ನನ್ನು ಇನ್ನೊಮ್ಮೆ ನೋಡಿ ಎಂಬ ಪತ್ರ ಬಂದರೆ ಯಾರೂ ತಪ್ಪು ಒಪ್ಪಿಕೊಳ್ಳದೆಯೇ ಅದಕ್ಕೆ ಹೂಂ ಅನ್ನಬಹುದು.

'ಅದು ನನ್ನ ತಪ್ಪು' ಎಂಬ ಸಾಲಿಗೆ ಅವಳು ಮೊದಲು ಒಪ್ಪಲಿಲ್ಲ. ಬಾಯಲ್ಲಿ ಹೇಳಿದ್ದೆನಲ್ಲ ಎಂಬುದು ಅವಳ ವಾದ. ಹೌದು, ಹೇಳಿದ್ದಳು. ಆದರೆ ಆ ಸಾಲು ಇಲ್ಲದಿದ್ದರೆ ಪತ್ರ ಓದುವವರಿಗೆ ಏಳುವ ಮೊದಲ ಪ್ರಶ್ನೆಯೇ, ಇದನ್ನು ಆಗಲೇ ಯಾಕೆ ಕೊಡಲಿಲ್ಲ ಎಂಬುದು. ಅದನ್ನು ನಾವೇ ಹೇಳಿಬಿಟ್ಟರೆ ಉಳಿದ ಸಾಲುಗಳನ್ನೂ ನಂಬುತ್ತಾರೆ.

ಕೋರಿಕೆಯ ಸಾಲಿಗೇ ಹೆಚ್ಚು ಹೊತ್ತು ಹಿಡಿಯಿತು. 'ತಂಡಕ್ಕೆ ಸೇರಿಸಿ' ಎಂದು ಕೇಳಿದರೆ ಇನ್ನೊಬ್ಬಳನ್ನು ತೆಗೆಯಿರಿ ಎಂದು ಕೇಳಿದಂತೆ. ಸಮಿತಿ ಅದಕ್ಕೆ ಒಂದೇ ಮಾತಿನಲ್ಲಿ ಆಗುವುದಿಲ್ಲ ಅನ್ನಬಹುದು. 'ಪರೀಕ್ಷಿಸಿ' ಎಂಬುದಕ್ಕೆ ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ, ಬೇಡ ಅನ್ನಲು ಕಾರಣ ಹುಡುಕಬೇಕು.

ಪ್ರಾಂಶುಪಾಲರು ಸಹಿ ಹಾಕಿ ಮೊಹರು ಒತ್ತಿದರು. ಮುಖಾಂತರ ಹೋಗುವ ಪತ್ರ ಅಂಚೆಯಲ್ಲಿ ಹೋದರೆ ಸೋಮವಾರ ದಾಟುತ್ತಿತ್ತು. ಹುಡುಗಿಯೇ ಎರಡು ಪ್ರತಿ ಹಿಡಿದು ಬಸ್ಸು ಹತ್ತಿದಳು. ದೈಹಿಕ ಶಿಕ್ಷಣ ವಿಭಾಗದ ಟಪಾಲು ಮೇಜಿನಲ್ಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಂಡು, ಅದರ ಫೋಟೋ ನನಗೆ ಕಳಿಸಿದಾಗ ಮಧ್ಯಾಹ್ನ ಮೂರು ಇಪ್ಪತ್ತು. ಈ ಮೊಹರಿನ ಬೆಲೆ ಅನುಭವಿಸಿದವರಿಗೇ ಗೊತ್ತು. ಅದಿಲ್ಲದ ಪತ್ರವನ್ನು 'ಬಂದೇ ಇಲ್ಲ' ಅನ್ನಬಹುದು.

ಅಷ್ಟರಲ್ಲಿ ಅವಳ ಅಮ್ಮನ ಫೋನು. "ಮೇಷ್ಟ್ರೇ, ನಮ್ಮ ಕಡೆಯ ಮುಖಂಡರೊಬ್ಬರು ಒಂದು ಮಾತು ಹೇಳ್ತೀನಿ ಅಂದಿದಾರೆ, ಹೇಳಿಸಲಾ?" ಬೇಡಮ್ಮ ಎಂದೆ. ಹೊರಗಿನವರ ಶಿಫಾರಸು ಬಂದರೆ ಪತ್ರದೊಳಗಿನ ದಿನಾಂಕಗಳನ್ನು ಯಾರೂ ಓದುವುದಿಲ್ಲ, ಯಾರಿಂದ ಹೇಳಿಸಿದಳು ಅನ್ನುವುದೊಂದೇ ಮಾತಾಗುತ್ತದೆ. ಆ ತಾಯಿ ಎರಡನೇ ಮಾತಾಡದೆ ಒಪ್ಪಿದರು.

ಶನಿವಾರ ಬೆಳಿಗ್ಗೆ ಆರೂವರೆಗೆ ಬರಲು ಕರೆ ಬಂತು. ನಾನೂ ಹೋದೆ, ಬೇಲಿಯ ಆಚೆ ನಿಂತೆ. ಹರಡು ಉಳುಕುವುದೆಂದರೆ ಹೊರಬದಿಯ ಅಸ್ಥಿರಜ್ಜು ಎಳೆದುಹೋಗುವುದು. ಕಡಿಮೆ ಪೆಟ್ಟಾದರೆ ಒಂದರಿಂದ ಮೂರು ವಾರದಲ್ಲಿ ಸರಿಯಾಗುತ್ತದೆ. ನಡೆಯುವಾಗ ನೋವಿಲ್ಲ ಅಂದಮಾತ್ರಕ್ಕೆ ಕಬಡ್ಡಿಗೆ ಸರಿಯಾಯಿತು ಅನ್ನಲಾಗದು. ಲೆಫ್ಟ್ ಕಾರ್ನರ್ ಎಂದರೆ ಸರಪಳಿಯ ಎಡತುದಿ. ರೈಡರ್ ಕಾಲು ಚಾಚಿದ ಕ್ಷಣಕ್ಕೆ ಮುಂದಕ್ಕೆ ಬಿದ್ದು ಅವಳ ಹರಡನ್ನು ಎರಡೂ ಕೈಯಿಂದ ಹಿಡಿಯಬೇಕು. ಹಾಗೆ ಬೀಳುವ ಮುಂಚೆ ಇಡೀ ಮೈಭಾರ ಒಂದು ಕಾಲಿನ ಮೇಲೆ ಬರುತ್ತದೆ. ಪೂರ್ತಿ ವಾಸಿಯಾಗದ ಕಾಲು ಅಲ್ಲಿ ಮೋಸ ಮಾಡುತ್ತದೆ, ಇನ್ನೊಮ್ಮೆ ಉಳುಕಿದರೆ ವಾಸಿಯಾಗಲು ಹೆಚ್ಚು ದಿನ ಹಿಡಿಯುತ್ತದೆ. ಸಮಿತಿಗೆ ಅಂಜಿಕೆ ಇದ್ದರೆ ಅದಕ್ಕೆ ಅರ್ಥವಿತ್ತು.

ತರಬೇತುದಾರರು ಮೊದಲು ಬಲಗಾಲಲ್ಲಿ ಕುಪ್ಪಳಿಸಲು ಹೇಳಿ ದೂರ ಗುರುತು ಹಾಕಿದರು. ಆಮೇಲೆ ಎಡಗಾಲು. ಎರಡು ಗೀರುಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರವಿತ್ತು. ಅಡ್ಡಾದಿಡ್ಡಿ ಇಟ್ಟ ಕೋನ್‌ಗಳ ನಡುವೆ ಓಡಿಸಿದರು. ಕೊನೆಗೆ ಇಬ್ಬರು ರೈಡರ್‌ಗಳನ್ನು ಕರೆದು ಎಂಟು ರೈಡ್ ಮಾಡಿಸಿದರು. ಆ ಎಂಟರ ಉದ್ದಕ್ಕೂ ಅವರು ಕುಕ್ಕರಗಾಲಲ್ಲಿ ಕೂತು ಹುಡುಗಿಯ ಮುಖವನ್ನಾಗಲಿ ಕೈಯನ್ನಾಗಲಿ ನೋಡಲಿಲ್ಲ. ಬಿಳಿ ಟೇಪು ಸುತ್ತಿದ ಆ ಹರಡನ್ನೇ ನೋಡುತ್ತಿದ್ದರು. ಹಿಂದಕ್ಕೆ ಸರಿಯುವಾಗ ಭಾರ ಬಲಗಾಲಿಗೆ ಕದಿಯುತ್ತಾಳೋ ಇಲ್ಲವೋ ಎಂಬುದು ಅವರ ಪ್ರಶ್ನೆ. ಕಾಲು ಹೆದರಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ. ಎಂಟರಲ್ಲಿ ಮೂರು ಸಲ ಹಿಡಿದಳು. ಆರನೆಯ ರೈಡಿನಲ್ಲಿ ಹಿಡಿತ ತಪ್ಪಿ ಮುಖ ಅಡಿಯಾಗಿ ಬಿದ್ದು, ಎಡಗಾಲೂರಿಯೇ ಎದ್ದಳು. ತರಬೇತುದಾರರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಸಂಜೆ ಉತ್ತರ ಬಂತು. ಅರ್ಧ ಪುಟ, ಅಧ್ಯಕ್ಷರ ಸಹಿ. ಕ್ಷಮತೆ ತೃಪ್ತಿಕರವಾಗಿದೆ, ಗಾಯದ ಕಾರಣವನ್ನು ಕೈಬಿಡಲಾಗಿದೆ ಎಂದಿತ್ತು. ಆದರೆ ಅಭ್ಯಾಸ ಪಂದ್ಯಗಳಲ್ಲಿ ಆಡಿ ಹೊಂದಿಕೊಂಡ ರಕ್ಷಣಾ ಜೋಡಿಯನ್ನು ಈ ಹಂತದಲ್ಲಿ ಬದಲಿಸುವುದು ಸೂಕ್ತವಲ್ಲವೆಂದು ಸಮಿತಿ ಭಾವಿಸಿದೆ, ಮನವಿದಾರರನ್ನು ಮೊದಲ ಕಾಯ್ದಿರಿಸಿದ ಆಟಗಾರ್ತಿಯಾಗಿ ಸೇರಿಸಿ ಅರ್ಹತಾ ನಮೂನೆಯನ್ನು ಸಹಿಗೆ ಕಳಿಸಲಾಗುವುದು ಎಂದೂ ಇತ್ತು.

ಅವಳಿಗೆ ಇದು ಗೆಲುವಾಗಿ ಕಾಣಲಿಲ್ಲ. ಕಾಣಬೇಕೆಂದು ನಾನೂ ಹೇಳಲಾರೆ. ಆದರೂ ಸಮಿತಿಯವರ ಮಾತಿನಲ್ಲಿ ಹುರುಳಿತ್ತು. ಕಾರ್ನರ್ ಒಬ್ಬಳೇ ಆಡುವುದಿಲ್ಲ, ಪಕ್ಕದವಳ ಕೈ ಹಿಡಿದು ಆಡುತ್ತಾಳೆ. ಅವಳು ಕಾಲಿಗೆ ಬಿದ್ದ ಮರುಕ್ಷಣ ಪಕ್ಕದವಳು ಸೊಂಟಕ್ಕೆ ಬೀಳಬೇಕು. ಅದು ಕೂಗಿ ಹೇಳಿ ಆಗುವ ಕೆಲಸವಲ್ಲ, ಕೈಯ ಹಿಡಿತ ಬಿಗಿಯಾದದ್ದರಲ್ಲೇ ತಿಳಿಯಬೇಕು. ಎರಡು ಪಂದ್ಯ ಜೊತೆಯಾಗಿ ಆಡಿದ ಜೋಡಿಯನ್ನು ನಾಲ್ಕು ದಿನ ಮುಂಚೆ ಮುರಿಯಲು, ನಾನು ಆ ಸಮಿತಿಯಲ್ಲಿದ್ದರೂ ಒಪ್ಪುತ್ತಿರಲಿಲ್ಲ. ಮೂರನೆಯ ಗೂಡಿನ ಕಾರಣವನ್ನು ಪತ್ರ ತೆಗೆದುಹಾಕಿತು. ನಾಲ್ಕನೆಯ ಗೂಡಿನದು ಉಳಿಯಿತು.

ಕೋರ್ಟಿಗೆ ಹೋಗಬಹುದಲ್ಲವೇ ಎಂದು ಅವಳ ಅಣ್ಣ ಕೇಳಿದ. ಸರ್ಕಾರಿ ವಿಶ್ವವಿದ್ಯಾಲಯದ ತೀರ್ಮಾನವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು ಖಂಡಿತ ಅವಕಾಶವಿದೆ. ಆದರೆ ಅಲ್ಲಿ ಏನು ಕೇಳುತ್ತಾರೆ ಅನ್ನುವುದು ತಿಳಿದಿರಬೇಕು. 2016ರ ರಿಯೊ ಒಲಿಂಪಿಕ್ಸ್‌ಗೆ ಮೊದಲು ಕುಸ್ತಿಪಟು ಸುಶೀಲ್ ಕುಮಾರ್ ದೆಹಲಿ ಹೈಕೋರ್ಟಿಗೆ ಹೋಗಿದ್ದರು. 74 ಕೆ.ಜಿ. ವಿಭಾಗದಲ್ಲಿ ದೇಶಕ್ಕೆ ಸ್ಥಾನ ಗಳಿಸಿಕೊಟ್ಟದ್ದು ನರಸಿಂಗ್ ಯಾದವ್, 2015ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು. ತಮ್ಮಿಬ್ಬರ ನಡುವೆ ಒಂದು ಆಯ್ಕೆ ಕುಸ್ತಿ ನಡೆಯಲಿ ಎಂಬುದು ಸುಶೀಲ್ ಬೇಡಿಕೆ. ಅವರು ಎರಡು ಒಲಿಂಪಿಕ್ ಪದಕ ಗೆದ್ದವರು. ಆದರೂ ಆ ಜೂನ್ ತಿಂಗಳಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಯಾರು ಹೋಗಬೇಕು ಅನ್ನುವುದು ಆಟ ಬಲ್ಲವರ ತೀರ್ಮಾನ, ಅದು ಮನಸೋ ಇಚ್ಛೆಯಾಗಿ ನಡೆದಿದ್ದರೆ ಮಾತ್ರ ತಾನು ಕೈಹಾಕುವುದು ಎಂಬ ನಿಲುವು ಅದರದ್ದು. ಯಾರು ಹೆಚ್ಚು ಬಲಶಾಲಿ ಎಂದು ನ್ಯಾಯಾಧೀಶರು ನೋಡುವುದಿಲ್ಲ, ಹೇಗೆ ಆರಿಸಿದರು ಎಂದು ನೋಡುತ್ತಾರೆ. ನಮ್ಮ ಪತ್ರ ಕೇಳಿದ್ದೂ ಅಷ್ಟೇ. ಅದಕ್ಕೆ ಉತ್ತರ ಸಿಕ್ಕಿತ್ತು.

ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನ ದಾರಿಯಿದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಆಯ್ಕೆ ಸಮಿತಿಯ ಸಭೆಯ ನಡವಳಿ, ಶಿಬಿರದ ಹಾಜರಿ, ಅಂಕ ಹಾಕಿದ್ದರೆ ಆ ಹಾಳೆಯ ಪ್ರತಿ ಕೇಳಬಹುದು. ಉತ್ತರ ಕೊಡಲು ಅವರಿಗೆ 30 ದಿನವಿದೆ, ಅಷ್ಟರಲ್ಲಿ ಪಂದ್ಯಾವಳಿ ಮುಗಿದು ತಂಡ ಊರು ಸೇರಿರುತ್ತದೆ. ಅದರಿಂದ ಈ ವರ್ಷದ ಜಾಗ ಸಿಗುವುದಿಲ್ಲ. ಮುಂದಿನ ವರ್ಷ ಅದೇ ಮೇಜಿನ ಮುಂದೆ ನಿಲ್ಲುವಾಗ ಕೈಯಲ್ಲೊಂದು ಕಾಗದ ಇರುತ್ತದೆ.

ಬುಧವಾರ ರಾತ್ರಿ ಹನ್ನೆರಡು ಹುಡುಗಿಯರು ರೈಲು ಹತ್ತಿದರು. ಹದಿಮೂರನೆಯ ನಮೂನೆ ಸಹಿಯಾಗಿ ಫೈಲಿನಲ್ಲೇ ಉಳಿಯಿತು, ಕರೆ ಬರಲಿಲ್ಲ. ಪಂದ್ಯಾವಳಿಯ ನಾಲ್ಕು ದಿನ ಅವಳು ಬ್ಯಾಗು ಕಟ್ಟಿಟ್ಟುಕೊಂಡೇ ಕಾಲೇಜಿಗೆ ಬಂದಳು. ಮೊದಲ ದಿನ ಮಧ್ಯಾಹ್ನ ತಂಡದ ಹುಡುಗಿಯರು ಫೋನಿನಲ್ಲಿ ಪಂದ್ಯ ತೋರಿಸಿದರು. ತನ್ನ ಜಾಗದಲ್ಲಿ ಆಡುತ್ತಿದ್ದವಳು ಒಂದು ಒಳ್ಳೆಯ ಆಂಕಲ್ ಹೋಲ್ಡ್ ಹಾಕಿದಾಗ "ಹಿಡೀ!" ಎಂದು ಇವಳು ಕೂಗಿದ್ದು ನನ್ನ ಕೋಣೆಯ ತನಕ ಕೇಳಿಸಿತು.

ಮುಂದಿನ ವರ್ಷ ಶಿಬಿರದ ಸುತ್ತೋಲೆ ಬಂದಾಗ ಎಂದಿನಂತೆ ಓದುತ್ತಾ ಹೋದೆ. ಭಾವಚಿತ್ರ ನಾಲ್ಕು, ಅಂಕಪಟ್ಟಿಯ ಪ್ರತಿ, ಆಟದ ಶೂ, ಹಾಸಿಗೆ ಹೊದಿಕೆ. ಕೆಳಗೆ ಹಿಂದೆಂದೂ ಇಲ್ಲದ ಒಂದು ಸಾಲು ಸೇರಿತ್ತು: "ಶಿಬಿರದ ಅವಧಿಯಲ್ಲಿ ಗಾಯಗೊಂಡು ಚೇತರಿಸಿಕೊಂಡವರು ವೈದ್ಯರ ಕ್ಷಮತಾ ಪ್ರಮಾಣಪತ್ರವನ್ನು ವ್ಯವಸ್ಥಾಪಕರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಆಯ್ಕೆಯ ಸಭೆಗೆ ಮುನ್ನ ವ್ಯವಸ್ಥಾಪಕರು ಇವುಗಳನ್ನು ಸಮಿತಿಯ ಮುಂದಿಡತಕ್ಕದ್ದು." ಅಂತಿಮ ಬಿ.ಕಾಂ. ತರಗತಿಯಿಂದ ಅವಳನ್ನು ಕರೆಸಿ ಸುತ್ತೋಲೆ ಕೈಗೆ ಕೊಟ್ಟೆ. ಸಂಭಾವ್ಯರ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿ ಬೆರಳಿಟ್ಟಳು. ಆಮೇಲೆ ಕೆಳಗಿನ ಆ ಸಾಲನ್ನು ಓದಿದಳು, ನಿಧಾನವಾಗಿ, ಎರಡು ಸಲ.